ಸಾಲವೆಂಬ ಸನ್ನೆಕೋಲು: ಲಾಭ ಮತ್ತು ನಷ್ಟ ಎರಡನ್ನೂ ಹಿಗ್ಗಿಸುವ ಬಗೆ

ಕಾರ್ಕಳದ ಸುತ್ತಮುತ್ತ ಇರುವಂಥ ಗೇರುಬೀಜ ಕಾರ್ಖಾನೆಯು ವರ್ಷವಿಡೀ ತಿರುಳು ಮಾರಿದರೂ, ಕಚ್ಚಾ ಬೀಜವನ್ನು ಕೊಯ್ಲಿನ ಕೆಲವೇ ತಿಂಗಳುಗಳಲ್ಲಿ ಕೊಂಡು ದಾಸ್ತಾನು ಮಾಡಬೇಕಾಗುತ್ತದೆ. ಊರಿನ ಬೀಜವಾಗಲಿ, ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜವಾಗಲಿ, ಹಣ ಮೊದಲು ಹೊರಗೆ ಹೋಗುತ್ತದೆ. ಮಾರಾಟದ ಹಣ ತಿಂಗಳುಗಳ ಅನಂತರ ಒಳಗೆ ಬರುತ್ತದೆ. ಈ ನಡುವಿನ ಅವಧಿಯನ್ನು ಬಹುತೇಕ ಎಲ್ಲರೂ ಬ್ಯಾಂಕಿನ ಸಾಲದಿಂದಲೇ ದಾಟುತ್ತಾರೆ. ಎಷ್ಟು ಸಾಲ, ಎಷ್ಟು ಸ್ವಂತ ಹಣ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ವ್ಯವಹಾರದಲ್ಲಿ ತೊಡಗಿಸಿದ ಒಟ್ಟು ಸಾಲವನ್ನು ಮಾಲೀಕರ ಸ್ವಂತ ಬಂಡವಾಳದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಸಾಲ-ಬಂಡವಾಳ ಅನುಪಾತ. 75 ಲಕ್ಷ ರೂಪಾಯಿ ಸಾಲ, 25 ಲಕ್ಷ ಸ್ವಂತ ಹಣವಿದ್ದರೆ ಅನುಪಾತ 3:1. ಸ್ವಂತ ಬಂಡವಾಳವೆಂದರೆ ಮಾಲೀಕರು ಹೂಡಿದ ಹಣ ಮತ್ತು ವ್ಯವಹಾರದಲ್ಲಿಯೇ ಉಳಿಸಿದ ಲಾಭ. ಮನೆ ಕಟ್ಟಲೆಂದೋ ಮದುವೆಗೆಂದೋ ಹಿಂತೆಗೆದುಕೊಂಡ ಮೊತ್ತವನ್ನು ಅದರಿಂದ ಕಳೆಯಬೇಕು.

ಸನ್ನೆಕೋಲಿನ ಲೆಕ್ಕ

ಒಂದು ಕೋಟಿ ರೂಪಾಯಿ ತೊಡಗಿಸಿದ ಮೂರು ಕಾರ್ಖಾನೆಗಳನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಮೊದಲನೆಯದರಲ್ಲಿ ಸಾಲವೇ ಇಲ್ಲ. ಎರಡನೆಯದರಲ್ಲಿ ಸಾಲ 50 ಲಕ್ಷ, ಸ್ವಂತ ಹಣ 50 ಲಕ್ಷ. ಮೂರನೆಯದರಲ್ಲಿ ಸಾಲ 75 ಲಕ್ಷ, ಸ್ವಂತ ಹಣ 25 ಲಕ್ಷ. ಬಡ್ಡಿದರ ಶೇ. 12. ಯಂತ್ರ, ಕೆಲಸಗಾರರು, ಮಾರುಕಟ್ಟೆ ಎಲ್ಲವೂ ಒಂದೇ ತೆರನಾದುದರಿಂದ ಬಡ್ಡಿ ಕಳೆಯುವ ಮುಂಚಿನ ಲಾಭವೂ ಮೂರಕ್ಕೂ ಒಂದೇ. ಲೆಕ್ಕ ಸರಳವಾಗಿರಲೆಂದು ತೆರಿಗೆಯನ್ನು ಬಿಡಲಾಗಿದೆ. ಮಾಲೀಕರ ಸ್ವಂತ ಹಣದ ಮೇಲೆ ದೊರೆಯುವ ಗಳಿಕೆ ಹೀಗಿರುತ್ತದೆ:

| ಬಡ್ಡಿಗೆ ಮುಂಚಿನ ಲಾಭ | ಸಾಲವಿಲ್ಲ | ಅನುಪಾತ 1:1 | ಅನುಪಾತ 3:1 |
|---|---|---|---|
| 18 ಲಕ್ಷ (ಒಳ್ಳೆಯ ವರ್ಷ) | ಶೇ. 18 | ಶೇ. 24 | ಶೇ. 36 |
| 12 ಲಕ್ಷ (ಸಾಧಾರಣ ವರ್ಷ) | ಶೇ. 12 | ಶೇ. 12 | ಶೇ. 12 |
| 6 ಲಕ್ಷ (ಕೆಟ್ಟ ವರ್ಷ) | ಶೇ. 6 | 0 | ನಷ್ಟ ಶೇ. 12 |

ಮೂರನೆಯ ಕಾರ್ಖಾನೆಯು ವರ್ಷಕ್ಕೆ 9 ಲಕ್ಷ ಬಡ್ಡಿ ಕಟ್ಟುತ್ತದೆ. ಒಳ್ಳೆಯ ವರ್ಷದಲ್ಲಿ ಉಳಿಯುವ 9 ಲಕ್ಷವು 25 ಲಕ್ಷದ ಸ್ವಂತ ಹಣಕ್ಕೆ ಶೇ. 36 ಆಗುತ್ತದೆ. ಕೆಟ್ಟ ವರ್ಷದಲ್ಲಿ 6 ಲಕ್ಷ ಗಳಿಸಿ 9 ಲಕ್ಷ ಬಡ್ಡಿ ತೆರಬೇಕಾದುದರಿಂದ 3 ಲಕ್ಷ ಕೈಯಿಂದಲೇ ಹೋಗುತ್ತದೆ. ಕಾರ್ಖಾನೆಯು ಲಾಭದಲ್ಲಿಯೇ ನಡೆಯಿತು, ನಷ್ಟವಾದುದು ಮಾಲೀಕರಿಗೆ.

ಈ ಪಟ್ಟಿಯ ಹಿಂದಿರುವ ಸೂತ್ರ ಒಂದೇ:

ಸ್ವಂತ ಹಣದ ಗಳಿಕೆ = ವ್ಯವಹಾರದ ಗಳಿಕೆ + ಅನುಪಾತ × (ವ್ಯವಹಾರದ ಗಳಿಕೆ − ಬಡ್ಡಿದರ)

ಆವರಣದೊಳಗಿನ ವ್ಯತ್ಯಾಸವೇ ಇಲ್ಲಿ ಮುಖ್ಯ. ವ್ಯವಹಾರದ ಗಳಿಕೆಯು ಬಡ್ಡಿದರಕ್ಕಿಂತ ಹೆಚ್ಚಿದ್ದರೆ ಅನುಪಾತವು ಆ ಹೆಚ್ಚಳವನ್ನು ಗುಣಿಸಿ ಕೊಡುತ್ತದೆ; ಕಡಿಮೆಯಿದ್ದರೆ ಆ ಕೊರತೆಯನ್ನೂ ಅಷ್ಟೇ ನಿಷ್ಠೆಯಿಂದ ಗುಣಿಸುತ್ತದೆ. ಸನ್ನೆಕೋಲು ಸಣ್ಣ ಬಲದಿಂದ ದೊಡ್ಡ ಬಂಡೆಯನ್ನು ಎಬ್ಬಿಸುತ್ತದೆ, ಆದರೆ ಬಂಡೆ ಜಾರಿದರೆ ಅದೇ ಕೋಲು ಹಿಡಿದವನನ್ನು ಎಸೆಯುತ್ತದೆ. ಹಣಕಾಸು ಶಾಸ್ತ್ರದಲ್ಲಿ ಇದನ್ನು ಲಿವರೇಜ್ ಎನ್ನುವುದು ಈ ಹೋಲಿಕೆಯಿಂದಲೇ.

ದಾಸ್ತಾನಿನ ಬೆಲೆ ಕುಸಿದಾಗ

ಇಷ್ಟು ಲೆಕ್ಕವನ್ನು ಅನೇಕ ಉದ್ಯಮಿಗಳು ಅರಿತಿರುತ್ತಾರೆ. ಹೆಚ್ಚಿನ ಹಾನಿಯಾಗುವುದು ಇದರ ಮುಂದಿನ ಹಂತದಲ್ಲಿ. ಮೂರನೆಯ ಕಾರ್ಖಾನೆಯ ಒಂದು ಕೋಟಿಯಲ್ಲಿ 40 ಲಕ್ಷ ಕಟ್ಟಡ ಮತ್ತು ಯಂತ್ರಗಳಲ್ಲಿಯೂ, 60 ಲಕ್ಷ ಗೇರುಬೀಜದ ದಾಸ್ತಾನಿನಲ್ಲಿಯೂ ಇದೆಯೆನ್ನೋಣ. ಯಂತ್ರಗಳ ಮೇಲೆ 30 ಲಕ್ಷದ ಅವಧಿ ಸಾಲವಿದೆ. ದಾಸ್ತಾನಿನ ಮೇಲೆ ಬ್ಯಾಂಕು ಶೇ. 25ರ ಮಾರ್ಜಿನ್ ಇಟ್ಟುಕೊಂಡು 45 ಲಕ್ಷ ಕ್ಯಾಶ್ ಕ್ರೆಡಿಟ್ ನೀಡಿದೆ.

ಈಗ ಮಾರುಕಟ್ಟೆಯಲ್ಲಿ ಬೆಲೆ ಶೇ. 20ರಷ್ಟು ಇಳಿಯಿತು. 60 ಲಕ್ಷದ ದಾಸ್ತಾನು 48 ಲಕ್ಷಕ್ಕೆ ಬಂತು. ಸಾಲವಿಲ್ಲದ ಕಾರ್ಖಾನೆಗೆ ಈ 12 ಲಕ್ಷವು ಸ್ವಂತ ಹಣದ ಶೇ. 12 ಮಾತ್ರ. ಮೂರನೆಯದಕ್ಕೆ ಅದು 25 ಲಕ್ಷದಲ್ಲಿ 12 ಲಕ್ಷ, ಅಂದರೆ ಹೆಚ್ಚುಕಡಿಮೆ ಅರ್ಧ. ಸ್ವಂತ ಬಂಡವಾಳ 13 ಲಕ್ಷಕ್ಕಿಳಿದು, ಹೊಸದಾಗಿ ಒಂದು ರೂಪಾಯಿ ಸಾಲ ಮಾಡದೆಯೂ ಅನುಪಾತವು 3ರಿಂದ 5.8ಕ್ಕೆ ಏರುತ್ತದೆ.

ಬ್ಯಾಂಕು ತಿಂಗಳ ಸ್ಟಾಕ್ ಸ್ಟೇಟ್‌ಮೆಂಟನ್ನು ನೋಡಿ ಡ್ರಾಯಿಂಗ್ ಪವರ್ ನಿಗದಿಪಡಿಸುತ್ತದೆ. ಕೊಂಡ ಬೆಲೆ ಮತ್ತು ಮಾರುಕಟ್ಟೆ ಬೆಲೆಗಳಲ್ಲಿ ಕಡಿಮೆಯಿರುವುದನ್ನು ಹಿಡಿಯುವುದು ವಾಡಿಕೆ. 48 ಲಕ್ಷದ ಮೇಲೆ ಶೇ. 75 ಎಂದರೆ 36 ಲಕ್ಷ. ಖಾತೆಯಲ್ಲಿ ತೆಗೆದಿರುವುದು 45 ಲಕ್ಷ. ಕೊರತೆ 9 ಲಕ್ಷ.

ಹೊರಗಿನಿಂದ ಹಣ ತರಲಾಗದೆ, 9 ಲಕ್ಷದ ಬೀಜವನ್ನು ನಗದಿಗೆ ಮಾರಿ ಖಾತೆಗೆ ತುಂಬಿದರೆ ಕೊರತೆ ತೀರುವುದೇ? ತೀರುವುದಿಲ್ಲ. ಸಾಲ 36 ಲಕ್ಷಕ್ಕೆ ಇಳಿಯುವುದಾದರೂ ದಾಸ್ತಾನು 39 ಲಕ್ಷಕ್ಕೆ ಇಳಿದಿರುತ್ತದೆ; ಅದರ ಮೇಲಿನ ಡ್ರಾಯಿಂಗ್ ಪವರ್ ಕೇವಲ 29.25 ಲಕ್ಷ. ಮಾರಿದ ಪ್ರತಿ 100 ರೂಪಾಯಿಯು ಸಾಲವನ್ನು 100ರಷ್ಟು ತಗ್ಗಿಸಿದರೆ, ಸಾಲದ ಅರ್ಹತೆಯನ್ನು 75ರಷ್ಟು ತಗ್ಗಿಸುತ್ತದೆ. ಕೊರತೆಗೆ ಸಲ್ಲುವುದು 25 ರೂಪಾಯಿ ಮಾತ್ರ. ಆದ್ದರಿಂದ 9 ಲಕ್ಷದ ಕೊರತೆಯನ್ನು ದಾಸ್ತಾನು ಮಾರಿಯೇ ತುಂಬಬೇಕಾದರೆ 36 ಲಕ್ಷದ ಬೀಜವನ್ನು ಮಾರಬೇಕು. ಆಗ ಉಳಿಯುವುದು 12 ಲಕ್ಷದ ದಾಸ್ತಾನು, 9 ಲಕ್ಷದ ಸಾಲ. ಬೆಲೆ ಕುಸಿದ ಹೊತ್ತಿನಲ್ಲಿಯೇ ಗೋದಾಮಿನ ಮುಕ್ಕಾಲು ಭಾಗ ಖಾಲಿಯಾಗುತ್ತದೆ.

ಮೂರು ತಿಂಗಳ ಬಳಿಕ ಬೆಲೆ ಚೇತರಿಸಿಕೊಂಡರೆ ಸಾಲವಿಲ್ಲದ ಕಾರ್ಖಾನೆಯ ನಷ್ಟವು ಕಾಗದದ ಮೇಲಿನ ನಷ್ಟವಾಗಿಯೇ ಕಳೆದುಹೋಗುತ್ತದೆ. ಮೂರನೆಯದಕ್ಕೆ ಚೇತರಿಕೆಯ ಲಾಭ ಪಡೆಯಲು ಬೀಜವೇ ಉಳಿದಿರುವುದಿಲ್ಲ. ಏನೂ ಮಾಡದೆ ಸುಮ್ಮನಿರುವಂತೆಯೂ ಇಲ್ಲ. ಖಾತೆಯ ಬಾಕಿಯು ಡ್ರಾಯಿಂಗ್ ಪವರನ್ನು ಮೀರಿ 90 ದಿನ ಸತತವಾಗಿ ಹಾಗೆಯೇ ಇದ್ದರೆ ಅದು ಅನುತ್ಪಾದಕ ಸಾಲವೆನಿಸುತ್ತದೆ. ಸಾಲವು ನಷ್ಟವನ್ನು ಗುಣಿಸುವುದರೊಂದಿಗೆ, ಕಾಯುವ ಶಕ್ತಿಯನ್ನೂ ಕಸಿದುಕೊಳ್ಳುತ್ತದೆ. ತಾತ್ಕಾಲಿಕವಾಗಬಹುದಾಗಿದ್ದ ನಷ್ಟ ಶಾಶ್ವತವಾಗುವುದು ಈ ಕಾರಣದಿಂದ.

ಕಾಪುವಿನಲ್ಲಿ ಕಂಡ ಎರಡು ನಿದರ್ಶನಗಳು

ದೊಡ್ಡ ಉದ್ಯಮಗಳಿಗೂ ಇದೇ ನಿಯಮ ಅನ್ವಯಿಸುತ್ತದೆಂಬುದಕ್ಕೆ ಕಾಪು ತಾಲೂಕಿನಲ್ಲಿಯೇ ಸಾಕ್ಷ್ಯಗಳಿವೆ. ಎಲ್ಲೂರಿನ 1,200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವನ್ನು ನಿರ್ಮಿಸಿದುದು ಲ್ಯಾಂಕೋ ಸಮೂಹ. ಆ ಸಮೂಹವು ಒಂದೇ ಕಾಲದಲ್ಲಿ ಹಲವು ವಿದ್ಯುತ್ ಯೋಜನೆಗಳನ್ನು ಸಾಲದ ಬಲದ ಮೇಲೆ ಕೈಗೆತ್ತಿಕೊಂಡಿತು. 2011ರಲ್ಲಿ ಆಸ್ಟ್ರೇಲಿಯಾದ ಗ್ರಿಫಿನ್ ಕಲ್ಲಿದ್ದಲು ಗಣಿಯನ್ನೂ ಕೊಂಡಿತು. ಇಂಧನದ ಕೊರತೆ ಮತ್ತು ಬರಬೇಕಾದ ಬಾಕಿಗಳ ವಿಳಂಬದಿಂದ ಗಳಿಕೆ ತಗ್ಗಿದರೂ ಬಡ್ಡಿ ತಗ್ಗಲಿಲ್ಲ. 2013ರಲ್ಲಿ ಸಾಲದ ಪುನರ್ರಚನೆಯಾಯಿತು. 2014ರ ಆಗಸ್ಟ್‌ನಲ್ಲಿ ಎಲ್ಲೂರಿನ ಸ್ಥಾವರವನ್ನು, ಅದರ ಮೇಲಿನ ಸಾಲವೂ ಸೇರಿ 6,000 ಕೋಟಿ ರೂಪಾಯಿಗೂ ಮಿಕ್ಕಿದ ಮೌಲ್ಯಕ್ಕೆ ಅದಾನಿ ಪವರ್ ಕಂಪನಿಗೆ ಮಾರುವ ಒಪ್ಪಂದವಾಗಿ, 2015ರಲ್ಲಿ ಹಸ್ತಾಂತರವಾಯಿತು. ಉತ್ಪಾದನೆಯಲ್ಲಿ ತೊಡಗಿದ್ದ ಸ್ಥಾವರವೇ ಸಾಲದ ಭಾರ ಇಳಿಸಲು ಕೈಬಿಟ್ಟುಹೋಯಿತು. ಆದರೂ ಲ್ಯಾಂಕೋ ಇನ್‌ಫ್ರಾಟೆಕ್ ಉಳಿಯಲಿಲ್ಲ; 2017ರಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಗಿ, 2018ರ ಆಗಸ್ಟ್‌ನಲ್ಲಿ ಕಂಪನಿಯ ವಿಸರ್ಜನೆಗೆ ಆದೇಶವಾಯಿತು. ಸ್ಥಾವರ ಉಳಿಯಿತು, ಕಟ್ಟಿದವರು ಉಳಿಯಲಿಲ್ಲ.

ಪಡುಬಿದ್ರಿಯಲ್ಲಿ ಗಾಳಿಯಂತ್ರದ ರೆಕ್ಕೆಗಳ ಘಟಕ ತೆರೆದ ಸುಜ್ಲಾನ್ ಸಂಸ್ಥೆಯ ಕಥೆ ಬೇರೆ ತಿರುವು ಪಡೆಯಿತು. ಸಾಲದ ನೆರವಿನಿಂದ ವಿದೇಶಿ ಕಂಪನಿಗಳನ್ನು ಕೊಂಡ ಆ ಸಂಸ್ಥೆಯು, 2012ರಲ್ಲಿ ವಿದೇಶಿ ಬಾಂಡುಗಳ ಹಣವನ್ನು ಮರುಪಾವತಿಸಲಾರದೆ ಹೋಯಿತು. 2007ರಲ್ಲಿ ಹಿಡಿತಕ್ಕೆ ತಂದುಕೊಂಡಿದ್ದ ಜರ್ಮನಿಯ ಕಂಪನಿಯನ್ನು 2015ರಲ್ಲಿ ಮಾರಿತು. ಅದೇ ವರ್ಷ ಹೊಸ ಹೂಡಿಕೆದಾರರು 1,800 ಕೋಟಿ ರೂಪಾಯಿ ಷೇರು ಬಂಡವಾಳ ತಂದರು. 2023ರಲ್ಲಿ ಮತ್ತೆ 2,000 ಕೋಟಿಯ ಷೇರುಗಳನ್ನು ನೀಡಿ ಸಾಲದ ಹೊರೆ ಇಳಿಸಲಾಯಿತು. ಸಂಸ್ಥೆ ಬದುಕಿತು, ಅದಕ್ಕೆ ಬೆಲೆಯಾಗಿ ಹಳೆಯ ಮಾಲೀಕರ ಪಾಲು ಕರಗಿತು. ಅನುಪಾತ ಕೆಟ್ಟಾಗ ಇರುವ ಮದ್ದುಗಳು ಎರಡೇ: ಆಸ್ತಿಯನ್ನು ಮಾರುವುದು, ಇಲ್ಲವೇ ಸ್ವಂತ ಬಂಡವಾಳ ತರುವುದು.

ಯಾವ ವ್ಯವಹಾರಕ್ಕೆ ಎಷ್ಟು?

ಎಲ್ಲರಿಗೂ ಸಲ್ಲುವ ಒಂದೇ ಅನುಪಾತವೆಂಬುದಿಲ್ಲ. ಗಳಿಕೆ ಸ್ಥಿರವಾದಷ್ಟೂ ಹೆಚ್ಚಿನ ಸಾಲವನ್ನು ತಾಳಬಹುದು. ಮಣಿಪಾಲದಲ್ಲಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಕಟ್ಟಡದ ಆದಾಯವು ಗೇರುಬೀಜದ ಲಾಭದಂತೆ ಏರಿಳಿಯುವುದಿಲ್ಲವಾದುದರಿಂದ, ಅಲ್ಲಿ ಸಹ್ಯವಾದ ಅನುಪಾತವು ಕಾರ್ಕಳದ ಕಾರ್ಖಾನೆಗೆ ಅಪಾಯಕರವಾಗಬಹುದು. ಆದರೆ 2020ರಲ್ಲಿ ಕೋವಿಡ್‌ನಿಂದ ತರಗತಿಗಳು ಮುಚ್ಚಿದಾಗ ವಿದ್ಯಾರ್ಥಿಗಳನ್ನೇ ನಂಬಿದ ಬಾಡಿಗೆಯೂ ನಿಂತಿತೆಂಬುದನ್ನು ಮರೆಯುವಂತಿಲ್ಲ. ಸ್ಥಿರವೆಂದು ಕಂಡುದನ್ನೂ ಒಮ್ಮೆ ಪರೀಕ್ಷೆಗೆ ಒಡ್ಡಿ ನೋಡಬೇಕು.

ಆ ಪರೀಕ್ಷೆಯನ್ನು ಉಡುಪಿಯ ಯಾವುದೇ ವ್ಯಾಪಾರಿಯೂ ತನ್ನ ಅಢಾವೆ ಪತ್ರಿಕೆಯನ್ನು ಮುಂದಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಮಾಡಬಹುದು. ತನ್ನ ಸರಕಿನ ಬೆಲೆ ಹಿಂದೆ ಅತಿ ಹೆಚ್ಚು ಕುಸಿದುದು ಶೇಕಡಾ ಎಷ್ಟು ಎಂದು ನೆನಪಿಸಿಕೊಂಡು, ದಾಸ್ತಾನಿನ ಮೌಲ್ಯವನ್ನು ಅಷ್ಟು ತಗ್ಗಿಸಿ ಡ್ರಾಯಿಂಗ್ ಪವರನ್ನು ಮರಳಿ ಲೆಕ್ಕಹಾಕಬೇಕು. ಕೊರತೆ ಬಂದರೆ ಅಷ್ಟು ಹಣವನ್ನು ಸರಕು ಮಾರದೆ ಎಲ್ಲಿಂದ ತರಬಹುದೆಂದು ಕೇಳಿಕೊಳ್ಳಬೇಕು. ಉತ್ತರ ದೊರೆಯದಿದ್ದರೆ ಸಾಲ ಹೆಚ್ಚಾಗಿದೆಯೆಂದೇ ಅರ್ಥ.

ಮೇಲಿನ ಮೂರನೆಯ ಕಾರ್ಖಾನೆಯು ಮೊದಲೇ 9 ಲಕ್ಷ ಸ್ವಂತ ಹಣ ಸೇರಿಸಿ, ಕ್ಯಾಶ್ ಕ್ರೆಡಿಟ್‌ನಲ್ಲಿ 45ರ ಬದಲು 36 ಲಕ್ಷ ಮಾತ್ರ ಬಳಸಿದ್ದರೆ ಏನಾಗುತ್ತಿತ್ತು? ಒಟ್ಟು ಸಾಲ 66 ಲಕ್ಷ, ಸ್ವಂತ ಹಣ 34 ಲಕ್ಷವಾಗಿ ಅನುಪಾತ ಎರಡಕ್ಕಿಂತ ತುಸು ಕೆಳಗಿರುತ್ತಿತ್ತು. ಒಳ್ಳೆಯ ವರ್ಷದ ಗಳಿಕೆ ಶೇ. 36ರಿಂದ ಸುಮಾರು ಶೇ. 30ಕ್ಕೆ ಇಳಿಯುತ್ತಿತ್ತು. ಆದರೆ ಬೆಲೆ ಶೇ. 20ರಷ್ಟು ಕುಸಿದ ದಿನ ಡ್ರಾಯಿಂಗ್ ಪವರ್ ಮತ್ತು ಸಾಲ ಎರಡೂ ಸರಿಯಾಗಿ 36 ಲಕ್ಷವಾಗಿರುತ್ತಿದ್ದುವು. ಒಂದು ಚೀಲ ಬೀಜವನ್ನೂ ಅಗ್ಗಕ್ಕೆ ಮಾರುವ ಪ್ರಸಂಗ ಬರುತ್ತಿರಲಿಲ್ಲ.