ಗದ್ದೆಯ ಅಂಚಿನಿಂದ ಉಪಗ್ರಹಕ್ಕೆ: ಭತ್ತದ ನಷ್ಟ ಅಳೆಯುವ ಲೆಕ್ಕಕ್ಕೆ ಸಹಿ ಯಾರದು?

ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ಇಳುವರಿ ಅಳೆಯುವ ಹಳೆಯ ದಾರಿ ಎಂದರೆ ಬೆಳೆ ಕಟಾವು ಪ್ರಯೋಗ. ಯಾದೃಚ್ಛಿಕವಾಗಿ ಆರಿಸಿದ ಗದ್ದೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತುಂಡಿಗೆ ಹಗ್ಗ ಕಟ್ಟಿ, ಕೊಯ್ದು, ಬಡಿದು, ಕಾಳು ತೂಗುತ್ತಾರೆ. 1940ರ ದಶಕದಲ್ಲಿ ಪಿ.ವಿ. ಸುಖಾತ್ಮೆ ಅವರಂಥ ಸಂಖ್ಯಾಶಾಸ್ತ್ರಜ್ಞರು ಗಟ್ಟಿಗೊಳಿಸಿದ ಈ ವಿಧಾನವನ್ನೇ 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯೂ ನೆಚ್ಚಿಕೊಂಡಿತು. ಆದರೆ ಪ್ರಯೋಗಗಳ ಸಂಖ್ಯೆ ದೊಡ್ಡದು, ಸಿಬ್ಬಂದಿ ಕಡಿಮೆ, ತೂಕದ ಬಗ್ಗೆ ತಕರಾರು ಹೆಚ್ಚು. ಹಾಗಾಗಿ 2023ರ ಮುಂಗಾರಿನಿಂದ ಭತ್ತ ಮತ್ತು ಗೋಧಿಗೆ ‘ಯೆಸ್-ಟೆಕ್’ ಎಂಬ ವ್ಯವಸ್ಥೆ ಬಂತು. ಉಪಗ್ರಹ ಚಿತ್ರಗಳನ್ನು ಗಣಕ ಮಾದರಿಗಳು ಓದಿ ಅಂದಾಜಿಸಿದ ಇಳುವರಿಗೆ ಅಂತಿಮ ಲೆಕ್ಕದಲ್ಲಿ ಕನಿಷ್ಠ ಶೇ 30ರಷ್ಟು ಪಾಲು ಸಿಕ್ಕಿತು.

ಇದರ ಫಲವನ್ನು ಒಂದು ಉದಾಹರಣೆಯಿಂದ ನೋಡೋಣ. ಒಂದು ಪಂಚಾಯಿತಿಯ ಮಿತಿ ಇಳುವರಿ ಹೆಕ್ಟೇರಿಗೆ 40 ಕ್ವಿಂಟಲ್ ಎಂದುಕೊಳ್ಳೋಣ. ಕಟಾವಿನಲ್ಲಿ ಸಿಕ್ಕಿದ್ದು 24 ಕ್ವಿಂಟಲ್, ಅಂದರೆ ಶೇ 40ರಷ್ಟು ನಷ್ಟ. ಮಾದರಿ 36 ಎಂದರೆ, ಎರಡನ್ನೂ 70:30ರಲ್ಲಿ ಬೆರೆಸಿದಾಗ ಇಳುವರಿ 27.6 ಕ್ವಿಂಟಲ್ ಆಗಿ, ನಷ್ಟ ಶೇ 31ಕ್ಕೆ ಇಳಿಯುತ್ತದೆ. ವಿಮಾ ಮೊತ್ತ 90,000 ರೂಪಾಯಿ ಇದ್ದರೆ ಪರಿಹಾರ 36,000ದಿಂದ 27,900ಕ್ಕೆ ಬರುತ್ತದೆ. ಮಾದರಿ ಕಡಿಮೆ ಹೇಳಿದರೆ ರೈತನಿಗೇ ಲಾಭ ಎನ್ನಬಹುದು. ಆದರೆ ತಪ್ಪು ಸದಾ ಒಂದೇ ಕಡೆಗೆ ವಾಲಿದರೆ ಅದು ಪಕ್ಷಪಾತ. ಕೆಲವು ಮಾದರಿಗಳು ಗದ್ದೆಯ ಹಸಿರಿನಿಂದ ಒಟ್ಟು ಬೆಳವಣಿಗೆಯನ್ನು ಅಂದಾಜಿಸಿ, ಅದರಲ್ಲಿ ಕಾಳಿನ ಪಾಲು ಇಷ್ಟು ಎಂದು ಊಹಿಸುತ್ತವೆ. ಕುತ್ತಿಗೆ ಬೆಂಕಿರೋಗ ತಗುಲಿದಾಗ ಹುಲ್ಲು ನಿಂತೇ ಇರುತ್ತದೆ, ತೆನೆ ಮಾತ್ರ ಜೊಳ್ಳಾಗುತ್ತದೆ. ಹುಲ್ಲು ಕಂಡ ಮಾದರಿ ಕಾಳನ್ನೂ ಎಣಿಸಿಬಿಡುತ್ತದೆ. ಹೀಗೆ ರೋಗ ಬಿದ್ದ ಗದ್ದೆಗಳಿಗೇ ಮತ್ತೆ ಮತ್ತೆ ಅನ್ಯಾಯವಾಗುತ್ತದೆ.

ಮನುಷ್ಯರೂ ತೂಕದಲ್ಲಿ ಸುಳ್ಳು ಹೇಳಿಲ್ಲವೇ ಎಂಬ ಆಕ್ಷೇಪ ನಿಜವೇ. ಕಟಾವಿನಲ್ಲಿ ಒತ್ತಡ, ಶಾಮೀಲು ಎಲ್ಲವೂ ಸಾಧ್ಯ. ಅದನ್ನು ಹಿಡಿಯಲು ಉಪಗ್ರಹ ಒಳ್ಳೆಯ ಸಾಕ್ಷಿ. ಆದರೆ ಸಾಕ್ಷಿಯನ್ನೇ ನ್ಯಾಯಾಧೀಶನ ಪೀಠದಲ್ಲಿ ಕೂರಿಸಬಾರದು. ಕಟಾವಿಗೆ ರೈತ ಬದುವಿನ ಮೇಲೆ ನಿಂತು ತೂಕ ನೋಡಬಲ್ಲ. ನಮೂನೆಯ ಮೇಲೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ಮಾದರಿಯ ಅಂಕಿಗೆ ಅಂಥ ಸಹಿ ಯಾರದು? ತಂತ್ರಜ್ಞಾನ ಸಂಸ್ಥೆ ಸರ್ಕಾರದ ವಿಧಾನವನ್ನು ತೋರಿಸಬಹುದು, ಸರ್ಕಾರ ಸಂಸ್ಥೆಯನ್ನು, ವಿಮಾ ಕಂಪನಿ ಇಬ್ಬರನ್ನೂ.

ಆದ್ದರಿಂದ ಹೊಣೆಯನ್ನು ಮೊದಲೇ ಗೊತ್ತುಪಡಿಸಬೇಕು. ಮಾದರಿಯ ಅಂದಾಜನ್ನು ಕೊಯ್ಲಿಗೆ ಮುಂಚೆಯೇ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ರಾಜ್ಯದ ಒಬ್ಬ ಅಧಿಕಾರಿ ಅದಕ್ಕೆ ಸಹಿ ಹಾಕಲಿ. ಕಟಾವಿನ ತೂಕಕ್ಕೂ ಅದಕ್ಕೂ ಭಾರಿ ಅಂತರ ಕಂಡರೆ, ಬೆರೆಸುವ ಬದಲು ನಿಂತ ಬೆಳೆಯಲ್ಲೇ ಮತ್ತೆ ಕಟಾವು ಮಾಡಲಿ. ಕೊಯ್ಲು ಯಂತ್ರ ಗದ್ದೆಯಿಂದ ಹೊರಟ ಮೇಲೆ ಮಾದರಿಯ ತಪ್ಪನ್ನು ತೋರಿಸಲು ಯಾವ ರೈತನ ಬಳಿಯೂ ಪುರಾವೆ ಉಳಿದಿರುವುದಿಲ್ಲ.