17.5 ಎಂಬ ಗೆರೆ

2024ರ ಮಾರ್ಚ್ 20ರಂದು ಟೊರಾಂಟೊ ರ‍್ಯಾಪ್ಟರ್ಸ್ ತಂಡದ ಜಾಂಟೇ ಪೋರ್ಟರ್ ಸ್ಯಾಕ್ರಮೆಂಟೊ ಕಿಂಗ್ಸ್ ಎದುರು ಅಂಗಳಕ್ಕಿಳಿದು ಮೂರು ನಿಮಿಷ ತುಂಬುವ ಮೊದಲೇ ಮೈ ಹುಷಾರಿಲ್ಲವೆಂದು ಹೊರಗೆ ಕೂತರು. ಅಂದು ಅವರ ಅಂಕಿಗಳೆಲ್ಲ ಇಂತಿಷ್ಟಕ್ಕಿಂತ ಕಡಿಮೆಯೇ ಇರುತ್ತವೆ ಎಂದು ಯಾರೋ 80,000 ಡಾಲರ್ ಕಟ್ಟಿದ್ದರು. ಗೆದ್ದರೆ 11 ಲಕ್ಷ ಡಾಲರ್ ಸಿಗಬೇಕಿತ್ತು. ಅನುಮಾನ ಬಂದು ಆ ಹಣ ತಡೆಹಿಡಿಯಲಾಯಿತು. ಮುಂದಿನ ತಿಂಗಳು ಎನ್‌ಬಿಎ ಪೋರ್ಟರ್‌ಗೆ ಜೀವಮಾನ ನಿಷೇಧ ಹೇರಿತು. ಆಟಗಾರನೊಬ್ಬನ ಲೆಕ್ಕವನ್ನು ಕೆಳಗಿಳಿಸಲು ಕೆಟ್ಟದಾಗಿ ಆಡಬೇಕಿಲ್ಲ, ಆಡದೆ ಕೂತರೆ ಸಾಕು ಎಂಬುದು ಈ ಹಗರಣದಲ್ಲಿ ಬಯಲಾಯಿತು. ಪ್ರಾಮಾಣಿಕವಾಗಿ ಲೆಕ್ಕ ಹಾಕುವವರಿಗೂ ನಿಮಿಷವೇ ಮೊದಲು ಬರುವುದು ಇದೇ ಕಾರಣಕ್ಕೆ.

ಪ್ರಾಪ್ ಬೆಟ್ ಎಂದರೆ ಪಂದ್ಯ ಯಾರು ಗೆಲ್ಲುತ್ತಾರೆ ಎಂಬುದರ ಮೇಲಲ್ಲ, ಒಬ್ಬ ಆಟಗಾರ ಏನು ಮಾಡುತ್ತಾನೆ ಎಂಬುದರ ಮೇಲೆ ಕಟ್ಟುವ ಬಾಜಿ. ಬುಕ್ಕಿ ಒಂದು ಗೆರೆ ಎಳೆಯುತ್ತಾನೆ: ಈತನ ಅಂಕ 17.5. ಹದಿನೆಂಟು ಮುಟ್ಟಿದರೆ ‘ಓವರ್’, ಹದಿನೇಳಕ್ಕೆ ನಿಂತರೆ ‘ಅಂಡರ್’. ಅಮೆರಿಕದ ಸುಪ್ರೀಂ ಕೋರ್ಟ್ 2018ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಪರ ತೀರ್ಪು ಕೊಟ್ಟ ಮೇಲೆ ಇದು ಅಲ್ಲಿನ ಹಲವು ರಾಜ್ಯಗಳಲ್ಲಿ ಕಾನೂನುಬದ್ಧವಾಯಿತು. ಕನ್ನಡಿಗರು ದಂಡಿಯಾಗಿರುವ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಇಂದಿಗೂ ಇದಕ್ಕೆ ಅನುಮತಿಯಿಲ್ಲ. ನಮ್ಮಲ್ಲಿ 2025ರ ಕೇಂದ್ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಹಾಗಾಗಿ ಇಲ್ಲಿ ಕೂತು ಎನ್‌ಬಿಎ ನೋಡುವವರಿಗೆ ಇದು ಆಟವನ್ನು ಓದುವ ಒಂದು ಬಗೆ ಅಷ್ಟೇ. ಆ ಓದಿನಲ್ಲಿ ಸ್ವಾರಸ್ಯವಂತೂ ಇದೆ.

ಒಬ್ಬ ಗಾರ್ಡ್‌ನನ್ನು ಕಲ್ಪಿಸಿಕೊಳ್ಳೋಣ. ಸಾಮಾನ್ಯವಾಗಿ ಬೆಂಚ್‌ನಿಂದ ಎದ್ದು ಬರುತ್ತಾನೆ, 24 ನಿಮಿಷ ಆಡುತ್ತಾನೆ, ಸರಾಸರಿ 12 ಅಂಕ ಗಳಿಸುತ್ತಾನೆ. ಇವತ್ತು ತಂಡದ ದೊಡ್ಡ ತಾರೆ ಗಾಯಗೊಂಡು ಹೊರಗಿದ್ದಾನೆ. ಸುದ್ದಿ ಬಂದ ಕೂಡಲೇ ನಮ್ಮ ಗಾರ್ಡ್‌ನ ಗೆರೆ 17.5ಕ್ಕೆ ಏರುತ್ತದೆ. ‘ಇನ್ನು ಚೆಂಡೆಲ್ಲ ಇವನ ಕೈಗೇ’ ಎಂದು ಜನ ಓವರ್‌ಗೆ ಮುಗಿಬೀಳುತ್ತಾರೆ. ಸರಿಯೇ?

ಪಂದ್ಯ 48 ನಿಮಿಷದ್ದು, ಅಂಗಳದಲ್ಲಿ ಐವರು. ಹೆಚ್ಚುವರಿ ಅವಧಿಗೆ ಹೋಗದಿದ್ದರೆ ಒಂದು ತಂಡ ಹಂಚಬಹುದಾದ ನಿಮಿಷಗಳು ಒಟ್ಟು 240, ಒಂದೂ ಹೆಚ್ಚಿಲ್ಲ. ತಾರೆ ಬಿಟ್ಟುಹೋದದ್ದು 36 ನಿಮಿಷ. ಅದಷ್ಟೂ ಒಬ್ಬನಿಗೇ ಬರುವುದಿಲ್ಲ. ಅಪರೂಪಕ್ಕೆ ಆಡುವ ಮೂರನೇ ಗಾರ್ಡ್‌ಗೆ ಕೋಚ್ 14 ಕೊಟ್ಟಾನು, ಉಳಿದ ಮೂವರು ಸೇರಿ ಇನ್ನೊಂದು 14 ಹಂಚಿಕೊಂಡಾರು, ನಮ್ಮವನ ಪಾಲಿಗೆ ಎಂಟು ಸೇರಿ 32 ಆದೀತು. ಹೀಗೆ ತಂಡದ ಎಲ್ಲರ ಹೆಸರಿನ ಮುಂದೆ ನಿಮಿಷ ಬರೆದು ಕೂಡಿಸಿದಾಗ 240ಕ್ಕೆ ಸರಿಹೊಂದದಿದ್ದರೆ ಎಲ್ಲೋ ಆಸೆ ಲೆಕ್ಕವನ್ನು ಮೀರಿದೆ ಎಂದೇ ಅರ್ಥ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತ ಹಂತ ಇದೇ, ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ನಿಮಿಷಕ್ಕೆ ಅರ್ಧ ಅಂಕದಂತೆ 32 ನಿಮಿಷಕ್ಕೆ 16 ಬಂತು.

ಎರಡನೆಯದು ಯೂಸೇಜ್. ಆಟಗಾರ ಅಂಗಳದಲ್ಲಿದ್ದಾಗ ತಂಡದ ದಾಳಿಗಳಲ್ಲಿ ಎಷ್ಟು ಪಾಲು ಅವನ ಶಾಟ್, ಫ್ರೀ ಥ್ರೋ ಅಥವಾ ಚೆಂಡು ಕಳೆದುಕೊಳ್ಳುವುದರಲ್ಲಿ ಕೊನೆಯಾಗುತ್ತದೆ ಎಂಬುದರ ಅಳತೆ ಇದು. ಐವರದೂ ಸೇರಿ ನೂರು, ಅಂದರೆ ಸರಾಸರಿ ಇಪ್ಪತ್ತು. 2016–17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಶೇ 41 ದಾಟಿದ್ದರು. ಹಾಗೆ ಆಡುವವರು ತೀರಾ ವಿರಳ. ತಾರೆಯ ಪಾಲು 30 ಇತ್ತೆನ್ನಿ. ಅವನ ಜಾಗಕ್ಕೆ ಬಂದವನು 17 ತೆಗೆದುಕೊಂಡರೆ ಮಿಕ್ಕ 13 ನಾಲ್ವರಲ್ಲಿ ಹಂಚಿಹೋಗುತ್ತದೆ. ನಮ್ಮವನು 20ರಿಂದ 23ಕ್ಕೆ ಏರಿದರೆ 16 ಅಂಕ 18.4 ಆಗುತ್ತದೆ.

ಇಲ್ಲೊಂದು ಬಲೆಯಿದೆ. ಬೆಂಚ್‌ನಿಂದ ಬರುವವನ ಯೂಸೇಜ್ ಬಹುಪಾಲು ತಾರೆ ವಿಶ್ರಾಂತಿಯಲ್ಲಿದ್ದಾಗಲೇ ಸಂಪಾದನೆಯಾದದ್ದು. ಎರಡನೇ ಸಾಲಿನವರ ನಡುವೆ ಅವನೇ ಯಜಮಾನ. ಇವತ್ತು ಆರಂಭದಿಂದ ಆಡಿದರೆ ಪಕ್ಕದಲ್ಲಿ ತಂಡದ ಎರಡನೇ ತಾರೆಯೂ ಇರುತ್ತಾನೆ, ಚೆಂಡು ಮೊದಲು ಅವನ ಕೈಗೆ ಹೋಗುತ್ತದೆ. ಆಗ ನಿಮಿಷ ಏರಿ ಯೂಸೇಜ್ ಇಳಿಯುವುದೂ ಉಂಟು. ಋತುವಿನ ಸರಾಸರಿ ನೋಡಿದರೆ ಇದು ಕಾಣದು. ಅವನು ಯಾರ ಜೊತೆ ಆಡಿದಾಗ ಎಷ್ಟು ಎಂದು ಬೇರೆ ಬೇರೆಯಾಗಿ ನೋಡಬೇಕು. ಅಂಥ ನಿಮಿಷಗಳು ಕಡಿಮೆಯಿದ್ದರೆ ಆ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ. ಇನ್ನೊಂದು ಮಾತು: ಹೆಚ್ಚು ಶಾಟ್ ಹೊಡೆಯುವವನಿಗೆ ಕಷ್ಟದ ಶಾಟ್‌ಗಳೂ ಪಾಲಿಗೆ ಬರುತ್ತವೆ, ಎದುರಾಳಿಯ ಒಳ್ಳೆಯ ಡಿಫೆಂಡರ್ ಈಗ ಇವನಿಗೇ ಅಂಟಿಕೊಳ್ಳುತ್ತಾನೆ. ಅದಕ್ಕೆಂದು ನೂರಕ್ಕೆ ಐದು ಕಳೆದರೆ 18.4 ಸುಮಾರು 17.5ಕ್ಕೆ ಇಳಿಯುತ್ತದೆ. ನೋಡಿ, ಬುಕ್ಕಿ ಎಳೆದ ಗೆರೆಯೂ ಅಲ್ಲೇ ಇದೆ. ಅವನೂ ಈ ಲೆಕ್ಕ ಬಲ್ಲವನೇ.

ಇನ್ನು ಪೇಸ್, ಅಂದರೆ 48 ನಿಮಿಷದಲ್ಲಿ ತಂಡಕ್ಕೆ ಎಷ್ಟು ಸಲ ದಾಳಿಯ ಸರದಿ ಸಿಗುತ್ತದೆ ಎಂಬುದು. ಈಚಿನ ವರ್ಷಗಳಲ್ಲಿ ಎನ್‌ಬಿಎ ಸರಾಸರಿ ನೂರರ ಆಸುಪಾಸಿನಲ್ಲಿದೆ. ನಮ್ಮ ತಂಡದ್ದು 100, ನಿಧಾನವಾಗಿ ಆಡುವ ಎದುರಾಳಿಯದು 97, ಲೀಗ್ ಸರಾಸರಿ 99.5 ಎಂದಿಟ್ಟುಕೊಳ್ಳಿ. ಎರಡೂ ತಂಡದ ಅಂಕಿ ಕೂಡಿಸಿ ಸರಾಸರಿಯನ್ನು ಕಳೆದರೆ ಇಂದಿನ ಅಂದಾಜು 97.5. ಅಂದರೆ ಶೇ 2.5ರಷ್ಟು ಸರದಿ ಕಡಿಮೆ, 17.5 ಅಂಕ 17 ಆಗುತ್ತದೆ. ಪೇಸ್ ಕುರಿತು ಮಾತಾಡುವವರು ಬಹಳ, ಆದರೆ ಒಬ್ಬ ಆಟಗಾರನ ಅಂಕದಲ್ಲಿ ಅದರ ತೂಕ ಅರ್ಧ ಅಂಕದಷ್ಟೇ. ಕೋಚ್ ಒಂದು ನಿಮಿಷ ಮೊದಲು ಕರೆದು ಕೂರಿಸಿದರೂ ಅಷ್ಟೇ ನಷ್ಟ.

ಅಂದಾಜು 17, ಗೆರೆ 17.5. ಸಾಲದ್ದಕ್ಕೆ ಆಗೊಮ್ಮೆ ಈಗೊಮ್ಮೆ ಬರುವ 30 ಅಂಕದ ರಾತ್ರಿಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ, ಹಾಗಾಗಿ ಮಾಮೂಲಿ ರಾತ್ರಿಯ ಅಂಕ ಸರಾಸರಿಗಿಂತ ತುಸು ಕೆಳಗೇ ಇರುತ್ತದೆ. ಎರಡೂ ಅಂಡರ್ ಕಡೆಗೇ ಬೆರಳು ತೋರುತ್ತವೆ. ಆದರೆ ಇಂಥ ಆಟಗಾರನ ಅಂಕ ಪಂದ್ಯದಿಂದ ಪಂದ್ಯಕ್ಕೆ ಆರೇಳು ಅಂಕ ಆಚೀಚೆ ಆಗುವುದು ಸಾಮಾನ್ಯ. ಅಷ್ಟು ಏರಿಳಿತದಲ್ಲಿ ಅಂಡರ್ ಗೆಲ್ಲುವುದು ನೂರಕ್ಕೆ 54–55 ಸಲ ಇದ್ದೀತು. ಅಮೆರಿಕದಲ್ಲಿ 100 ಡಾಲರ್ ಗೆಲ್ಲಲು ಸಾಮಾನ್ಯವಾಗಿ 110 ಕಟ್ಟಬೇಕು. ಲಾಭ-ನಷ್ಟ ಸಮವಾಗಬೇಕಾದರೇ ನೂರಕ್ಕೆ 52.4 ಸಲ ಗೆಲ್ಲಬೇಕು. ಇಷ್ಟೆಲ್ಲ ಗುಣಿಸಿ ಭಾಗಿಸಿ ಕೈಗೆ ಬಂದದ್ದು ಎರಡೋ ಮೂರೋ ಶೇಕಡಾ.

ಅದೂ 32 ನಿಮಿಷ ನಿಜವಾದರೆ. 34 ಆಡಿದರೆ ಇದೇ ಲೆಕ್ಕದಲ್ಲಿ 18 ಅಂಕ ಬರುತ್ತದೆ, ಓವರ್ ಮುಂದಾಗುತ್ತದೆ. ಮೊದಲರ್ಧದಲ್ಲೇ ಮೂರು ಫೌಲ್ ಬಿದ್ದರೆ 27ಕ್ಕೆ ಇಳಿದಾನು. ಪಂದ್ಯ ಏಕಪಕ್ಷೀಯವಾಗಿ 25 ಅಂಕಗಳ ಅಂತರ ಬಿದ್ದರೆ ನಾಲ್ಕನೇ ಕ್ವಾರ್ಟರ್‌ನಲ್ಲಿ ಮುಖ್ಯ ಆಟಗಾರರೆಲ್ಲ ಬೆಂಚ್‌ನಲ್ಲಿ ಟವೆಲ್ ಹೊದ್ದು ಕೂರುತ್ತಾರೆ. ತಾರೆಯಿಲ್ಲದ ತಂಡ ಹೀಗೆ ಸೋಲುವ ಸಂಭವವೂ ಹೆಚ್ಚು, ಅದನ್ನು ಓವರ್‌ನವರು ಮರೆಯುತ್ತಾರೆ. ಆಟಗಾರ ಇಳಿಯದೇ ಇದ್ದರೆ ಸಾಮಾನ್ಯವಾಗಿ ಬಾಜಿ ರದ್ದಾಗಿ ಹಣ ವಾಪಸ್ ಬರುತ್ತದೆ. ಆದರೆ ಒಂದು ಕ್ಷಣ ಆಡಿ ಕಾಲು ಉಳುಕಿಸಿಕೊಂಡರೂ ಬಾಜಿ ಊರ್ಜಿತವೇ.

ಪೋರ್ಟರ್ ಪ್ರಕರಣದ ನಂತರ, ತಂಡದಲ್ಲಿ ಕಾಯಂ ಅಲ್ಲದ ಟೂ-ವೇ ಮತ್ತು ಹತ್ತು ದಿನದ ಒಪ್ಪಂದದ ಆಟಗಾರರ ಮೇಲೆ ಅಂಡರ್ ಬಾಜಿ ತೆಗೆದುಕೊಳ್ಳುವುದನ್ನು ಎನ್‌ಬಿಎಯ ಪಾಲುದಾರ ಕಂಪನಿಗಳು ನಿಲ್ಲಿಸಿದವು. ನಮ್ಮ ಕಲ್ಪನೆಯ ಗಾರ್ಡ್‌ನಂಥವರ ಗೆರೆ ಮಾತ್ರ ದಿನವೂ ಬೀಳುತ್ತದೆ, ಗಾಯಾಳುಗಳ ಪಟ್ಟಿ ಬದಲಾದ ಹಾಗೆಲ್ಲ ಏರಿಳಿಯುತ್ತದೆ. ‘ಆಡುವುದು ಅನುಮಾನ’ ಎಂದಿದ್ದ ತಾರೆ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ ವಾರ್ಮ್‌ಅಪ್‌ಗೆ ಬಂದುಬಿಟ್ಟರೆ 32 ನಿಮಿಷ ಮತ್ತೆ 24 ಆಗುತ್ತದೆ, ಮೇಲಿನ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ.