ಬೆಲೆಯಿಂದ ವೆಚ್ಚಕ್ಕೆ: ಕಾಯಿ ಸುಲಿಯುವ ಯಂತ್ರದ ವಿನ್ಯಾಸ ಮತ್ತು ಬೆಲೆ ನಿಗದಿ

ತಯಾರಿಕೆಗೆ ತಗುಲಿದ ಖರ್ಚನ್ನು ಕೂಡಿಸಿ, ಅದರ ಮೇಲೆ ಶೇಕಡಾವಾರು ಲಾಭ ಸೇರಿಸಿ ಮಾರಾಟ ಬೆಲೆ ನಿರ್ಧರಿಸುವುದು ನಮ್ಮ ಸಣ್ಣ ಉದ್ಯಮಗಳಲ್ಲಿ ರೂಢಿಯಲ್ಲಿರುವ ಕ್ರಮ. ಈ ಲೆಕ್ಕದಲ್ಲಿ ಗ್ರಾಹಕನಿಗೆ ಸ್ಥಾನವಿಲ್ಲ. ಅವನು ಆ ಬೆಲೆಯನ್ನು ಒಪ್ಪದಿದ್ದರೆ ಲಾಭ ಬಿಡಬೇಕು, ಇಲ್ಲವೇ ಸರಕು ಉಳಿಯಬೇಕು. 1960ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಸ್ಥೆ ಈ ಕ್ರಮವನ್ನು ತಿರುಗಿಸಿತು. ಮೊದಲು ಮಾರುಕಟ್ಟೆ ಒಪ್ಪುವ ಬೆಲೆ, ಅದರಿಂದ ಬೇಕಾದ ಲಾಭವನ್ನು ಕಳೆದರೆ ಉಳಿಯುವುದೇ ಅನುಮತಿಸಬಹುದಾದ ವೆಚ್ಚ. ಆ ವೆಚ್ಚದೊಳಗೆ ನಿಲ್ಲುವಂತೆ ವಸ್ತುವನ್ನು ವಿನ್ಯಾಸಗೊಳಿಸಬೇಕು. ಇದೇ ಟಾರ್ಗೆಟ್ ಕಾಸ್ಟಿಂಗ್, ಅಂದರೆ ಗುರಿ ವೆಚ್ಚ ಪದ್ಧತಿ. ವಸ್ತುವನ್ನು ಕೊಂಡ ದಿನದಿಂದ ಗುಜರಿಗೆ ಹಾಕುವ ದಿನದವರೆಗಿನ ಎಲ್ಲ ಖರ್ಚನ್ನೂ ಒಟ್ಟಾಗಿ ನೋಡುವುದು ಜೀವಿತಾವಧಿ ವೆಚ್ಚ ಪದ್ಧತಿ. ಇವೆರಡನ್ನೂ ಜೊತೆಯಾಗಿ ಬಳಸದಿದ್ದರೆ ಏನಾಗುತ್ತದೆ ಎಂಬುದನ್ನು ತಿಪಟೂರು ಭಾಗದ ಒಂದು ಉದಾಹರಣೆಯಿಂದ ನೋಡಬಹುದು.

ಖರೀದಿದಾರನ ಲೆಕ್ಕವೇ ಮೊದಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವಿಶೇಷ ಉತ್ಪನ್ನ ಉಂಡೆ ಕೊಬ್ಬರಿ. ಬಲಿತ ಕಾಯಿಗಳನ್ನು ಹಲವು ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಇಡಿಯಾಗಿ ಹೊರತೆಗೆಯಲಾಗುತ್ತದೆ. ಉಂಡೆ ಒಡೆದರೆ ಅದು ಕಡಿಮೆ ದರಕ್ಕೆ ಹೋಗುತ್ತದೆ. ಯಂತ್ರ ತಯಾರಕನು ಮರೆಯಬಾರದ ಸಂಗತಿ ಇದು.

ತಿಪಟೂರಿನ ಒಂದು ಸಣ್ಣ ಘಟಕವು ಕಾಯಿ ಸುಲಿಯುವ ಮೋಟಾರು ಯಂತ್ರವನ್ನು ತಯಾರಿಸಲು ಹೊರಟಿದೆ ಎಂದಿಟ್ಟುಕೊಳ್ಳೋಣ. ಮುಳ್ಳುಗಳಿರುವ ಎರಡು ರೋಲರುಗಳು ಎದುರುಬದುರಾಗಿ ತಿರುಗಿ ಮಟ್ಟೆಯನ್ನು ಹಿಡಿದು ಸೀಳುತ್ತವೆ. ಇಲ್ಲಿ ಬಳಸಿರುವ ಅಂಕಿಗಳೆಲ್ಲ ವಿವರಣೆಗಾಗಿ ಊಹಿಸಿದವು, ತೆರಿಗೆಯನ್ನು ಸೇರಿಸಿಲ್ಲ. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಇಟ್ಟು ನೋಡಬೇಕು.

ಖರೀದಿದಾರನು ವರ್ಷಕ್ಕೆ 2 ಲಕ್ಷ ಕಾಯಿ ಸುಲಿಸುವ ವರ್ತಕ. ಕೈಯಿಂದ ಸುಲಿಸಲು ಸಾವಿರಕ್ಕೆ 1,000 ರೂ.ನಂತೆ ವರ್ಷಕ್ಕೆ 2,00,000 ರೂ. ಕೂಲಿ. ಯಂತ್ರ ಬಂದರೆ ಕೂಲಿ 90,000, ವಿದ್ಯುತ್ 6,000, ಬೆಲ್ಟು, ಬೇರಿಂಗು, ಮುಳ್ಳು, ರಿಪೇರಿಗೆ 14,000, ಒಟ್ಟು 1,10,000 ರೂ. ಮೇಲ್ನೋಟಕ್ಕೆ 90,000 ರೂ. ಉಳಿತಾಯ.

ಆದರೆ ಯಂತ್ರದ ಮುಳ್ಳು ಚಿಪ್ಪಿಗೆ ತಾಗಿ ನೂರಕ್ಕೆ ಒಂದು ಉಂಡೆ ಹೆಚ್ಚಾಗಿ ಒಡೆಯುತ್ತದೆ ಎಂದುಕೊಂಡರೆ, ವರ್ಷಕ್ಕೆ 2,000 ಉಂಡೆ ನಷ್ಟಕ್ಕೆ ಒಳಗಾಗುತ್ತದೆ. ಕಿಲೋಗೆ 8 ಉಂಡೆಯಂತೆ ಇದು 250 ಕಿಲೋ. ಇಡಿ ಉಂಡೆಗೂ ಒಡೆದ ಕೊಬ್ಬರಿಗೂ ಕಿಲೋಗೆ 40 ರೂ. ಅಂತರವಿದ್ದರೆ 10,000 ರೂ. ನಷ್ಟ. ಆದ್ದರಿಂದ ನಿಜವಾದ ಉಳಿತಾಯ 80,000 ರೂ. ಹಾಕಿದ ಹಣ ಎರಡು ವರ್ಷದಲ್ಲಿ ಹಿಂದಿರುಗಬೇಕೆಂದು ವರ್ತಕ ಬಯಸಿದರೆ, ಅವನ ದೃಷ್ಟಿಯಲ್ಲಿ ಯಂತ್ರದ ಗರಿಷ್ಠ ಬೆಲೆ 1,60,000 ರೂ. ಚೌಕಾಸಿಗೆ ಸ್ಥಳ ಬಿಟ್ಟು ಘಟಕವು 1,50,000 ರೂ. ನಿಗದಿಪಡಿಸುತ್ತದೆ. ಹೀಗೆ ಖರೀದಿದಾರನ ಜೀವಿತಾವಧಿ ಲೆಕ್ಕದಿಂದಲೇ ತಯಾರಕನ ಬೆಲೆ ಹುಟ್ಟುತ್ತದೆ.

ಗುರಿ ವೆಚ್ಚ ಮತ್ತು ಅಂತರ

ಬೆಲೆಯ ಶೇ. 15ರಷ್ಟು, ಅಂದರೆ 22,500 ರೂ. ಲಾಭ ಬೇಕು. ಖಾತರಿ ಅವಧಿಯಲ್ಲಿ ಹಳ್ಳಿಗಳಿಗೆ ಮೆಕ್ಯಾನಿಕ್ ಕಳುಹಿಸಲು ಹಾಗೂ ಬಿಡಿಭಾಗ ಬದಲಿಸಲು ಪ್ರತಿ ಯಂತ್ರಕ್ಕೆ 7,500 ರೂ. ತೆಗೆದಿಡಬೇಕು. ಈ ಎರಡನೆಯ ಮೊತ್ತವನ್ನು ಅನೇಕರು ಬಿಟ್ಟುಬಿಡುತ್ತಾರೆ. ಮಾರಾಟದ ನಂತರ ಬರುವುದರಿಂದ ಅದು ಅಂದಾಜುಪಟ್ಟಿಯಲ್ಲಿ ಕಾಣುವುದಿಲ್ಲ, ಲಾಭದಲ್ಲಿ ಮಾತ್ರ ಕೊರತೆಯಾಗಿ ಕಾಣುತ್ತದೆ. ಇವೆರಡನ್ನೂ ಕಳೆದರೆ ಗುರಿ ವೆಚ್ಚ 1,20,000 ರೂ.

ಮೊದಲ ನಕ್ಷೆಯ ಪ್ರಕಾರ ಚೌಕಟ್ಟು ಮತ್ತು ಮುಚ್ಚಳಕ್ಕೆ 34,000, ರೋಲರುಗಳಿಗೆ 42,000, ಮೋಟಾರು, ಗೇರ್‌ಬಾಕ್ಸ್ ಮತ್ತು ಸ್ಟಾರ್ಟರಿಗೆ 38,000, ಜೋಡಣೆ ಮತ್ತು ಬಣ್ಣಕ್ಕೆ 24,000, ಒಟ್ಟು 1,38,000 ರೂ. ತಗುಲುತ್ತದೆ. ತುಂಬಬೇಕಾದ ಅಂತರ 18,000 ರೂ.

ಈ ಅಂತರವನ್ನು ಕಬ್ಬಿಣ ಕತ್ತರಿಸುವ ಮೊದಲೇ, ನಕ್ಷೆಯ ಹಂತದಲ್ಲೇ ತುಂಬಬೇಕು. ನಾಲ್ಕು ಅಳತೆಯ ಆಂಗಲ್‌ಗಳ ಬದಲು ಒಂದೇ ಅಳತೆ ಬಳಸಿ, ಜಿಗ್ ಇಟ್ಟು ವೆಲ್ಡಿಂಗ್ ಮಾಡಿದರೆ 6,000 ರೂ. ಉಳಿಯುತ್ತದೆ. ಗೇರ್‌ಬಾಕ್ಸ್ ಬದಲು ಬೆಲ್ಟು, ಪುಲ್ಲಿ ಮತ್ತು ಚೈನಿನಿಂದ ವೇಗ ತಗ್ಗಿಸಿದರೆ 7,000. ಮುಚ್ಚಳಗಳನ್ನು ಬೋಲ್ಟಿನಿಂದ ಕೂಡಿಸಿದರೆ ಜೋಡಣೆಯಲ್ಲಿ 3,000. ಒಟ್ಟು 16,000 ರೂ. ಇನ್ನೂ 2,000 ರೂ. ಬಾಕಿ.

ಉಳಿತಾಯದ ಬಲೆ

ಇಲ್ಲಿ ಒಂದು ಸುಲಭದ ದಾರಿ ಎದುರಾಗುತ್ತದೆ. ಗಡಸು ಮಾಡಿದ ಉಕ್ಕಿನ ಮುಳ್ಳುಗಳ ಬದಲು ಸಾಧಾರಣ ಕಬ್ಬಿಣದ ಮುಳ್ಳು ಹಾಕಿದರೆ 8,000 ರೂ. ಉಳಿದು, ಗುರಿಗಿಂತ ಕೆಳಗೇ ಇಳಿಯಬಹುದು. ತಯಾರಕನ ಪುಸ್ತಕದಲ್ಲಿ ಇದು ಶುದ್ಧ ಲಾಭ.

ಖರೀದಿದಾರನ ಪುಸ್ತಕದಲ್ಲಿ ಹಾಗಲ್ಲ. ಮೆತು ಮುಳ್ಳು ಬೇಗ ಸವೆಯುತ್ತದೆ, ಸವೆದಾಗ ಮಟ್ಟೆಯನ್ನು ಹಿಡಿಯದೆ ಜಾರುತ್ತದೆ. ಕೆಲಸಗಾರ ರೋಲರುಗಳ ನಡುವಿನ ಸಂದನ್ನು ಬಿಗಿ ಮಾಡುತ್ತಾನೆ, ಆಗ ಒತ್ತಡ ಚಿಪ್ಪಿನ ಮೇಲೆ ಬೀಳುತ್ತದೆ. ಒಡೆಯುವ ಉಂಡೆ ಶೇ. 1ರಿಂದ 3ಕ್ಕೆ ಏರಿದರೆ ನಷ್ಟ ವರ್ಷಕ್ಕೆ 10,000ದಿಂದ 30,000 ರೂ.ಗೆ ಏರುತ್ತದೆ. ಐದು ವರ್ಷಗಳಲ್ಲಿ ಹೆಚ್ಚುವರಿ ನಷ್ಟವೇ ಒಂದು ಲಕ್ಷ ರೂ. ಉಳಿತಾಯ ವರ್ಷಕ್ಕೆ 60,000ಕ್ಕೆ ಇಳಿಯುವುದರಿಂದ, ಅದೇ ಎರಡು ವರ್ಷದ ಲೆಕ್ಕದಲ್ಲಿ ಯಂತ್ರದ ಯೋಗ್ಯ ಬೆಲೆ 1,20,000 ರೂ. ಮಾತ್ರ. ಎಂಟು ಸಾವಿರ ಉಳಿಸಲು ಹೋಗಿ ಬೆಲೆಯಲ್ಲಿ ಮೂವತ್ತು ಸಾವಿರ ಕಳೆದುಕೊಂಡಂತಾಯಿತು. ಮೊದಲ ಹಂಗಾಮಿನಲ್ಲಿ ಇದು ಯಾರಿಗೂ ತಿಳಿಯದೆ ಹೋಗಬಹುದು, ಎರಡನೆಯ ಹಂಗಾಮಿನಲ್ಲಿ ಸಂತೆಮಾಳದಲ್ಲೆಲ್ಲ ತಿಳಿಯುತ್ತದೆ.

ಸರಿಯಾದ ದಾರಿ ಬೇರೆ. ಮುಳ್ಳುಗಳನ್ನು ರೋಲರಿಗೆ ನೇರವಾಗಿ ಬೆಸೆಯದೆ, ಗಡಸು ಉಕ್ಕಿನ ಪಟ್ಟಿಗಳ ಮೇಲೆ ಮಾಡಿ ಬೋಲ್ಟಿನಿಂದ ಬಿಗಿದರೆ ಇಡೀ ರೋಲರನ್ನು ಗಡಸು ಮಾಡಬೇಕಿಲ್ಲ. ಬಾಕಿಯಿದ್ದ 2,000 ರೂ. ಇಲ್ಲಿಯೇ ಉಳಿಯುತ್ತದೆ. ಸವೆದ ಪಟ್ಟಿಯೊಂದನ್ನೇ ಬದಲಿಸಬಹುದಾದ್ದರಿಂದ ಖರೀದಿದಾರನ ರಿಪೇರಿ ವೆಚ್ಚವೂ ತಗ್ಗುತ್ತದೆ. ತಯಾರಕನ ವೆಚ್ಚವನ್ನೂ ಬಳಕೆದಾರನ ವೆಚ್ಚವನ್ನೂ ಒಟ್ಟಿಗೆ ಇಳಿಸುವ ಬದಲಾವಣೆಯೇ ನಿಜವಾದ ವೆಚ್ಚ ಕಡಿತ. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ವೆಚ್ಚದ ವರ್ಗಾವಣೆ ಮಾತ್ರ.

ಲೆಕ್ಕದ ಮಿತಿಗಳು

ಈ ಲೆಕ್ಕ ಎರಡು ಊಹೆಗಳ ಮೇಲೆ ನಿಂತಿದೆ. ಮೊದಲನೆಯದು ಬಳಕೆಯ ಪ್ರಮಾಣ. ವರ್ಷಕ್ಕೆ 50,000 ಕಾಯಿ ಸುಲಿಸುವ ತೋಟಗಾರನಿಗೆ ಉಳಿತಾಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಅವನಿಗೆ ಇದೇ ಯಂತ್ರವನ್ನು ಮಾರುವುದಕ್ಕಿಂತ ಬಾಡಿಗೆಗೆ ಒದಗಿಸುವುದೇ ಸೂಕ್ತ.

ಎರಡನೆಯದು ಕೊಬ್ಬರಿ ಧಾರಣೆ. 2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಲಿಗೆ 11,750 ರೂ. ಇದ್ದ ಬೆಂಬಲ ಬೆಲೆಗಿಂತಲೂ ಕೆಳಗೆ ಕುಸಿದಿತ್ತು. 2025ರಲ್ಲಿ ಅದು 20,000 ರೂ. ದಾಟಿತು. ಧಾರಣೆ ಏರಿ ಇಡಿ ಉಂಡೆಗೂ ಒಡೆದದ್ದಕ್ಕೂ ಇರುವ ಅಂತರ ಕಿಲೋಗೆ 80 ರೂ. ಆದರೆ, ಶೇ. 3 ಒಡೆಯುವ ಯಂತ್ರದ ನಷ್ಟ ವರ್ಷಕ್ಕೆ 60,000 ರೂ. ಆಗುತ್ತದೆ. ಒಳ್ಳೆಯ ಯಂತ್ರಕ್ಕೂ ಕಳಪೆ ಯಂತ್ರಕ್ಕೂ ಇರುವ ವ್ಯತ್ಯಾಸ ಧಾರಣೆ ಏರಿದ ವರ್ಷದಲ್ಲೇ ಹೆಚ್ಚು ಕಾಣುತ್ತದೆ.

ಆದ್ದರಿಂದ ಒಡೆಯುವ ಪ್ರಮಾಣವನ್ನು ಊಹೆಗೆ ಬಿಡಬಾರದು. ಒಂದೇ ಅಟ್ಟದ ಸಾವಿರ ಕಾಯಿಯನ್ನು ಕೈಯಿಂದ, ಇನ್ನೊಂದು ಸಾವಿರವನ್ನು ಯಂತ್ರದಿಂದ ಸುಲಿಸಿ, ಚಿಪ್ಪು ಬಿಡಿಸಿದ ಮೇಲೆ ಒಡೆದ ಉಂಡೆಗಳನ್ನು ಎಣಿಸಬೇಕು. ಹಂಗಾಮಿನ ಕೊನೆಯಲ್ಲಿ, ಮುಳ್ಳು ಸವೆದ ಸ್ಥಿತಿಯಲ್ಲಿ, ಇದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು. ಮೊದಲ ಹತ್ತು ಯಂತ್ರಗಳ ತಯಾರಿಕಾ ವೆಚ್ಚ ಮತ್ತು ಖಾತರಿ ಖರ್ಚನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಟ್ಟು 1,20,000 ಹಾಗೂ 7,500ರ ಎದುರಿಗೆ ಹೋಲಿಸಬೇಕು. ಅಂತರ ಯಾವ ಭಾಗದಲ್ಲಿ ಕಂಡುಬರುತ್ತದೋ ಆ ಭಾಗದ ನಕ್ಷೆಯನ್ನು ಹನ್ನೊಂದನೆಯ ಯಂತ್ರಕ್ಕೆ ಮೊದಲು ತಿದ್ದಬೇಕು.